ಕಪಾಟಿನ ಫೋಟೊದಿಂದ ಪುಸ್ತಕಗಳ ಪಟ್ಟಿ: ಅಡ್ಡಬಿದ್ದ ಅಕ್ಷರ ಓದಿಸುವುದು ಹೇಗೆ?

ಮುಂಬೈಯಲ್ಲಿ ಕನ್ನಡ ಸಂಘ ಇದ್ದ ಕಡೆ ಒಂದೆರಡು ಕಪಾಟು ಪುಸ್ತಕವೂ ಇರುತ್ತದೆ. ಡೊಂಬಿವಲಿ, ಠಾಣೆ, ಮಾಟುಂಗ ಎಲ್ಲೇ ಹೋಗಿ. ಕನ್ನಡ ಕಾದಂಬರಿಗಳ ಪಕ್ಕದಲ್ಲೇ ಮರಾಠಿ ಪುಸ್ತಕ, ನಡುವೆ ದಪ್ಪ ಇಂಗ್ಲಿಷ್ ಡಿಕ್ಷನರಿ. ಪಟ್ಟಿ ಮಾತ್ರ ಇರುವುದಿಲ್ಲ. ಒಂದೊಂದೇ ಪುಸ್ತಕ ಇಳಿಸಿ ಬರೆಯುವಷ್ಟು ಪುರುಸೊತ್ತು ಯಾರಿಗೂ ಇಲ್ಲ. ಹಾಗಾಗಿ ಯಾರೋ ಫೋನ್ ತೆಗೆದು ಕಪಾಟಿನ ಫೋಟೊ ಹೊಡೆಯುತ್ತಾರೆ, ಅದನ್ನು ಅಕ್ಷರ ಓದುವ ತಂತ್ರಾಂಶಕ್ಕೆ ಕೊಡುತ್ತಾರೆ. ಬರುವುದು ಬರೀ ಕಸ.

ತಂತ್ರಾಂಶ ಕೆಟ್ಟದ್ದು ಅಂತಲ್ಲ. ಅದು ಎಡದಿಂದ ಬಲಕ್ಕೆ ಹೋಗುವ ಸಾಲುಗಳನ್ನು ಹುಡುಕುತ್ತದೆ. ಪುಸ್ತಕದ ಬೆನ್ನಿನ ಮೇಲೆ ಸಾಲು ನಿಂತಿರುತ್ತದೆ. ನಾವು ಕತ್ತು ವಾಲಿಸಿ ಓದುತ್ತೇವೆ, ಅದಕ್ಕೆ ಕತ್ತಿಲ್ಲ. ಆ ಕೆಲಸ ನಾವೇ ಮಾಡಿಕೊಡಬೇಕು. ಹೇಗೆ ಅಂತ ನೋಡೋಣ. ಇಲ್ಲಿ ಬಳಸಿರುವುದು ಎರಡು ಉಚಿತ ತಂತ್ರಾಂಶ: ಚಿತ್ರ ತಿರುಗಿಸಲು, ಕತ್ತರಿಸಲು ಇಮೇಜ್‌ಮ್ಯಾಜಿಕ್, ಅಕ್ಷರ ಓದಲು ಟೆಸರಾಕ್ಟ್. ಟೆಸರಾಕ್ಟ್‌ಗೆ ಕನ್ನಡದ ಕಡತ (`kan`), ಮರಾಠಿಯದು (`mar`), ಇಂಗ್ಲಿಷಿನದು (`eng`) ಬೇರೆಬೇರೆ ಸಿಗುತ್ತವೆ. ಮೂರನ್ನೂ ಹಾಕಿಕೊಳ್ಳಿ. ಮೂವತ್ತು ನಲವತ್ತು ಪುಸ್ತಕ ಮಾತ್ರ ಇದ್ದರೆ ಇದೆಲ್ಲ ಬೇಡ, ಕೂತು ಕೈಯಲ್ಲೇ ಬರೆದುಬಿಡಿ.

ಮೊದಲು ಫೋಟೊ

ಅರ್ಧ ಕೆಲಸ ಇಲ್ಲೇ ಇದೆ. ಸಾಮಾನ್ಯ ಫೋನಿನ 12 ಮೆಗಾಪಿಕ್ಸೆಲ್ ಫೋಟೊ 4000 ಪಿಕ್ಸೆಲ್ ಅಗಲ, 3000 ಪಿಕ್ಸೆಲ್ ಎತ್ತರ ಇರುತ್ತದೆ. ಫೋನನ್ನು ಅಡ್ಡ ಹಿಡಿದು 90 ಸೆಂಟಿಮೀಟರ್ ಉದ್ದದ ಇಡೀ ಅಂಕಣವನ್ನು ಒಂದೇ ಸಲ ತೆಗೆದಿರಿ ಅನ್ನಿ. ಒಂದು ಸೆಂಟಿಮೀಟರಿಗೆ ಸಿಗುವುದು ಸುಮಾರು 44 ಪಿಕ್ಸೆಲ್. ಸಣ್ಣ ಕಥಾಸಂಕಲನದ ಬೆನ್ನಿನಲ್ಲಿ ಅಕ್ಷರದ ಎತ್ತರ 3 ಮಿಲಿಮೀಟರ್ ಇದ್ದರೆ, ಅದು ಫೋಟೊದಲ್ಲಿ 13 ಪಿಕ್ಸೆಲ್. ಟೆಸರಾಕ್ಟ್‌ಗೆ ಕಡಿಮೆಯೆಂದರೂ 20 ಪಿಕ್ಸೆಲ್ ಬೇಕು. ಕನ್ನಡದಲ್ಲಿ ತೊಂದರೆ ಇನ್ನೂ ಜಾಸ್ತಿ, ಏಕೆಂದರೆ ಒತ್ತಕ್ಷರ ಮೂಲ ಅಕ್ಷರಕ್ಕಿಂತ ಚಿಕ್ಕದು. ಅಕ್ಷರವೇ 13 ಪಿಕ್ಸೆಲ್ ಆದರೆ ಒತ್ತು ಬರೀ ಒಂದು ಚುಕ್ಕೆ.

ಅದಕ್ಕೇ ಅಂಕಣವನ್ನು ಎರಡು ಭಾಗ ಮಾಡಿ ತೆಗೆಯಿರಿ. 45 ಸೆಂಟಿಮೀಟರಿಗೆ ಒಂದು ಫೋಟೊ. ಆಗ ಅದೇ ಅಕ್ಷರ ಸುಮಾರು 27 ಪಿಕ್ಸೆಲ್ ಆಗುತ್ತದೆ. ಎರಡು ಫೋಟೊಗಳಲ್ಲೂ ನಡುವಿನ ಎರಡು ಮೂರು ಪುಸ್ತಕ ಬರಲಿ, ಯಾವುದೂ ತಪ್ಪಿಹೋಗುವುದಿಲ್ಲ.

ಫ್ಲ್ಯಾಶ್ ಬೇಡವೇ ಬೇಡ. ಇಲ್ಲಿಯ ಮಳೆಗೆ ಹೆದರಿ ನಾವೆಲ್ಲ ಪುಸ್ತಕಗಳಿಗೆ ಪ್ಲಾಸ್ಟಿಕ್ ಹೊದಿಕೆ ಹಾಕಿಟ್ಟಿರುತ್ತೇವಲ್ಲ, ಅದರ ಮೇಲೆ ಬೆಳಕು ಬಿದ್ದ ಕಡೆ ಅಕ್ಷರ ಅಳಿಸಿಹೋದ ಹಾಗೆ ಬಿಳಿ ಪಟ್ಟೆ ಮೂಡುತ್ತದೆ. ತಲೆ ಮೇಲಿನ ಟ್ಯೂಬ್‌ಲೈಟಿನಿಂದಲೂ ಹೀಗಾಗಬಹುದು. ಆಗ ಅದನ್ನು ಆರಿಸಿ, ಹಗಲಿನಲ್ಲಿ ಕಿಟಕಿ ಬೆಳಕಿನಲ್ಲಿ ತೆಗೆಯಿರಿ.

ವಾಲಿದ ಪುಸ್ತಕಗಳನ್ನು ಕೈಯಿಂದಲೇ ನೆಟ್ಟಗೆ ನಿಲ್ಲಿಸಿ. ಆಮೇಲೆ ಕಂಪ್ಯೂಟರಿನಲ್ಲಿ ಸರಿಮಾಡಿದರಾಯಿತು ಅನ್ನಿಸುತ್ತದೆ. ಆದರೆ ಬರೀ 5 ಡಿಗ್ರಿ ವಾಲಿದರೂ 18 ಸೆಂಟಿಮೀಟರ್ ಎತ್ತರದ ಪುಸ್ತಕದ ತಲೆ ಒಂದೂವರೆ ಸೆಂಟಿಮೀಟರ್ ಪಕ್ಕಕ್ಕೆ ಸರಿದಿರುತ್ತದೆ. ಅಂದರೆ ಒಂದು ಪುಸ್ತಕದ ಅಗಲದಷ್ಟು. ನೀವು ನೇರವಾಗಿ ಕತ್ತರಿಸಿದ ತುಂಡಿನಲ್ಲಿ ಪಕ್ಕದ ಪುಸ್ತಕದ ಹೆಸರೂ ಸೇರಿಕೊಳ್ಳುತ್ತದೆ.

ಯಾವ ಕಡೆ ತಿರುಗಿಸಬೇಕು?

ಇಂಗ್ಲಿಷ್ ಪುಸ್ತಕಗಳಲ್ಲಿ ಬೆನ್ನಿನ ಹೆಸರು ಸಾಮಾನ್ಯವಾಗಿ ಮೇಲಿನಿಂದ ಕೆಳಕ್ಕೆ ಇಳಿಯುತ್ತದೆ. ಹಾಗೆ ಇರಲಿ ಎಂದು 1985ರ ಐಎಸ್‌ಒ 6357 ಮಾನದಂಡವೂ ಹೇಳುತ್ತದೆ. ಪುಸ್ತಕವನ್ನು ಮುಖ ಮೇಲೆ ಮಾಡಿ ಮೇಜಿನ ಮೇಲಿಟ್ಟರೆ ಬೆನ್ನಿನ ಹೆಸರು ನೆಟ್ಟಗೆ ಓದಲು ಬರುವುದು ಇದರಿಂದಲೇ. ಫ್ರೆಂಚ್ ಪುಸ್ತಕಗಳಲ್ಲಿ ಹೆಚ್ಚಾಗಿ ಉಲ್ಟಾ: ಕೆಳಗಿನಿಂದ ಮೇಲಕ್ಕೆ ಹತ್ತುತ್ತದೆ. ಗೋವಾದ ಹಳೆ ಮನೆಗಳಲ್ಲಿರುವ ಪೋರ್ಚುಗೀಸ್ ಪುಸ್ತಕಗಳಲ್ಲೂ ಇದನ್ನು ಕಾಣಬಹುದು. ನಮ್ಮ ಕನ್ನಡ ಪುಸ್ತಕಗಳಲ್ಲಿ ಎರಡೂ ಇವೆ. ಅದರ ಮೇಲೆ, ಯಾರೋ ತಲೆಕೆಳಗಾಗಿ ಇಟ್ಟುಹೋದ ಪುಸ್ತಕಗಳು ಬೇರೆ. ಹಾಗಾಗಿ ಭಾಷೆ ನೋಡಿ ದಿಕ್ಕು ಊಹಿಸಬೇಡಿ, ಅಕ್ಷರವನ್ನೇ ನೋಡಿ.

ಕನ್ನಡದಲ್ಲಿ ಇದು ಸುಲಭ. ಬ, ಲ, ಜ, ಣ ಥರದ ಕೆಲವನ್ನು ಬಿಟ್ಟರೆ ಹೆಚ್ಚಿನ ಅಕ್ಷರಗಳಿಗೆ ತಲಕಟ್ಟು ಇದೆ. ಒತ್ತು ಕೆಳಗೆ ಜೋತಾಡುತ್ತದೆ. ಮರಾಠಿಯಲ್ಲಂತೂ ತಲೆಯ ಮೇಲೆ ಉದ್ದಕ್ಕೂ ಗೆರೆಯೇ ಇದೆ. ಫೋಟೊದಲ್ಲಿ ತಲಕಟ್ಟು ಅಥವಾ ಗೆರೆ ಬಲಗಡೆ ಇದ್ದರೆ ಹೆಸರು ಇಳಿಯುತ್ತಿದೆ ಅಂತ ಅರ್ಥ, ಚಿತ್ರವನ್ನು ಎಡಕ್ಕೆ 90 ಡಿಗ್ರಿ ತಿರುಗಿಸಿ. ಎಡಗಡೆ ಇದ್ದರೆ ಹತ್ತುತ್ತಿದೆ, ಬಲಕ್ಕೆ ತಿರುಗಿಸಿ.

ಒಂದೊಂದು ಪುಸ್ತಕಕ್ಕೂ ಹೀಗೆ ನೋಡುತ್ತಾ ಕೂರಬೇಕಿಲ್ಲ. ಇಡೀ ಫೋಟೊವನ್ನು ಒಮ್ಮೆ ಎಡಕ್ಕೆ ತಿರುಗಿಸಿಬಿಡಿ. ಆಗ ನಿಂತಿದ್ದ ಬೆನ್ನುಗಳೆಲ್ಲ ಒಂದರ ಕೆಳಗೊಂದು ಮಲಗುತ್ತವೆ. ಇಳಿಯುತ್ತಿದ್ದ ಹೆಸರುಗಳು ನೆಟ್ಟಗಾಗುತ್ತವೆ, ಹತ್ತುತ್ತಿದ್ದವು ತಲೆಕೆಳಗಾಗುತ್ತವೆ. ನಾಲ್ಕು ದಿಕ್ಕಿನ ಗೊಂದಲ ಹೋಗಿ ಎರಡೇ ಉಳಿಯುತ್ತದೆ.

```
magick shelf.jpg -auto-orient -rotate -90 row.png
```

ಇಲ್ಲಿ `-auto-orient` ಬಿಡಬೇಡಿ. ಫೋನನ್ನು ಹೇಗೆ ಹಿಡಿದರೂ ಕ್ಯಾಮೆರಾ ಚಿತ್ರವನ್ನು ತನ್ನ ಮಾಮೂಲಿ ದಿಕ್ಕಿನಲ್ಲೇ ಉಳಿಸಿ, ‘ತೋರಿಸುವಾಗ ಇಷ್ಟು ತಿರುಗಿಸಿ’ ಎಂದು ಕಡತದೊಳಗೆ ಒಂದು ಟಿಪ್ಪಣಿ ಇಡುವುದುಂಟು. ಗ್ಯಾಲರಿ ಅದನ್ನು ಓದಿ ಚಿತ್ರವನ್ನು ನೆಟ್ಟಗೆ ತೋರಿಸುತ್ತದೆ. ಎಲ್ಲ ತಂತ್ರಾಂಶಗಳೂ ಓದುವುದಿಲ್ಲ. ‘ನನಗೆ ನೆಟ್ಟಗೇ ಕಾಣ್ತಿದೆಯಲ್ಲಾ, ಇದಕ್ಕೇನಾಯ್ತು’ ಅಂತ ತಲೆ ಕೆರೆದುಕೊಳ್ಳುವವರು ಮೊದಲು ನೋಡಬೇಕಾದದ್ದು ಇದನ್ನೇ. ಇನ್ನೊಂದು ವಿಷಯ: ಇಮೇಜ್‌ಮ್ಯಾಜಿಕ್‌ನಲ್ಲಿ 90 ಎಂದರೆ ಬಲಕ್ಕೆ, -90 ಎಂದರೆ ಎಡಕ್ಕೆ. ಪೈಥಾನಿನ ಪಿಲ್ಲೋದಲ್ಲಿ `rotate(90)` ಎಂದರೆ ಎಡಕ್ಕೆ! ಎರಡನ್ನೂ ಬಳಸುವವರು ಜೋಪಾನ.

ಎಡಕ್ಕೆ ತಿರುಗಿಸಿದಾಗ ಕಪಾಟಿನ ಬಲತುದಿಯ ಪುಸ್ತಕ ಚಿತ್ರದ ಮೇಲ್ತುದಿಗೆ ಬರುತ್ತದೆ. ಅಂದರೆ ಮೇಲಿನಿಂದ ಬರೆದುಕೊಂಡು ಹೋದರೆ ಪಟ್ಟಿ ಬಲದಿಂದ ಎಡಕ್ಕೆ ತಯಾರಾಗುತ್ತದೆ. ಆಮೇಲೆ ಪಟ್ಟಿ ಹಿಡಿದು ಕಪಾಟಿನ ಮುಂದೆ ನಿಂತಾಗ ಏನೂ ತಾಳೆಯಾಗುವುದಿಲ್ಲ. ಸಂಖ್ಯೆ ಹಾಕುವಾಗಲೇ ಇದನ್ನು ನೆನಪಿಡಿ.

ಒಂದೊಂದೇ ಬೆನ್ನು

ತಿರುಗಿಸಿದ ಇಡೀ ಚಿತ್ರವನ್ನು ಒಟ್ಟಿಗೆ ಓದಿಸುವ ಆಸೆ ಬೇಡ. ಬೆನ್ನುಗಳ ಬಣ್ಣ ಬೇರೆ, ಅಕ್ಷರದ ಗಾತ್ರ ಬೇರೆ, ಅರ್ಧ ತಲೆಕೆಳಗೆ. ಪ್ರತಿ ಬೆನ್ನನ್ನೂ ಬೇರೆ ಕತ್ತರಿಸಿ. ನಮ್ಮ ಲೆಕ್ಕದ ಫೋಟೊದಲ್ಲಿ ಸೆಂಟಿಮೀಟರಿಗೆ 89 ಪಿಕ್ಸೆಲ್ ಇದೆ. ಒಂದೂವರೆ ಸೆಂಟಿಮೀಟರ್ ದಪ್ಪದ ಪುಸ್ತಕವೆಂದರೆ ಸುಮಾರು 130 ಪಿಕ್ಸೆಲ್‌ನ ಪಟ್ಟಿ. ಆ ಪಟ್ಟಿ ಚಿತ್ರದ ಎಡ ಅಂಚಿನಿಂದ 500, ಮೇಲಿನಿಂದ 640 ಪಿಕ್ಸೆಲ್ ದೂರದಲ್ಲಿ ಶುರುವಾಗುತ್ತದೆ ಅನ್ನಿ:

```
magick row.png -crop 1900x130+500+640 +repage b07.png
magick b07.png -rotate 180 b07u.png
tesseract b07.png stdout -l kan --psm 7
tesseract b07u.png stdout -l kan --psm 7
```

`--psm 7` ಎಂದರೆ ‘ಇದು ಒಂದೇ ಸಾಲು, ಪುಟ ಅಂತ ತಿಳಿಯಬೇಡ’. ಟೆಸರಾಕ್ಟ್‌ನ `--psm` ಆಯ್ಕೆಗಳ ಪಟ್ಟಿಯಲ್ಲಿ 5ರ ಮುಂದೆ ‘ಲಂಬವಾಗಿ ಜೋಡಿಸಿದ ಅಕ್ಷರ’ ಎಂಬರ್ಥದ ವಿವರಣೆ ಕಂಡು, ಬೆನ್ನಿಗೆ ಇದೇ ಸರಿ ಎಂದು ಹಾರುವವರು ಬಹಳ. ಚೀನಿ, ಜಪಾನಿ ಭಾಷೆಗಳಲ್ಲಿ ಅಕ್ಷರ ನೆಟ್ಟಗೇ ಇದ್ದು ಸಾಲು ಕೆಳಗಿಳಿಯುವುದುಂಟು, ಇಲ್ಲಿ ಲಂಬ ಎಂದರೆ ಅದು. ನಮ್ಮ ಬೆನ್ನುಗಳಲ್ಲಿ ಅಕ್ಷರವೇ ಮಲಗಿದೆ. 5ನ್ನು ನಂಬುವುದಕ್ಕಿಂತ ನಾವೇ ತಿರುಗಿಸಿ 7 ಕೊಡುವುದು ವಾಸಿ. ದಿಕ್ಕನ್ನು ತಾನೇ ಗುರುತಿಸುವ `--psm 0` ಕೂಡ ಇದೆ. ಆದರೆ ಅದಕ್ಕೆ ತುಂಬಾ ಅಕ್ಷರ ಬೇಕು. ಒಂದು ಬೆನ್ನಿನಲ್ಲಿರುವ ಹತ್ತು ಹದಿನೈದು ಅಕ್ಷರ ಸಾಲದು, `Too few characters` ಅಂದು ಕೈ ಚೆಲ್ಲುತ್ತದೆ.

ಎರಡು ಉತ್ತರಗಳಲ್ಲಿ ಯಾವುದು ಸರಿ? ನಿಮಗೆ ಕನ್ನಡ ಬರುತ್ತದಲ್ಲ, ನೋಡಿದ ಕೂಡಲೇ ಗೊತ್ತಾಗುತ್ತದೆ. ‘ಮರಾಠಿ ಕನ್ನಡ ನಿಘಂಟು’ ಎಂಬುದು ಒಂದು ಕಡೆ, ಅರ್ಥವಿಲ್ಲದ ಒತ್ತುಗಳ ರಾಶಿ ಇನ್ನೊಂದು ಕಡೆ. ಪುಸ್ತಕ ನೂರಾರು ಇದ್ದರೆ ಆದೇಶದ ಕೊನೆಗೆ `tsv` ಸೇರಿಸಿ. ಪ್ರತಿ ಪದಕ್ಕೂ, ಓದಿದ್ದು ಎಷ್ಟು ಖಚಿತ ಎಂದು ಹೇಳುವ `conf` ಎಂಬ ಅಂಕಿ, 100ರೊಳಗೆ, ಸಿಗುತ್ತದೆ. ಎರಡು ದಿಕ್ಕಿನಲ್ಲಿ ಯಾವುದರ ಸರಾಸರಿ ಜಾಸ್ತಿಯೋ ಅದನ್ನು ಇಟ್ಟುಕೊಳ್ಳಿ. ಎರಡೂ ಹತ್ತಿರ ಹತ್ತಿರ ಬಂದರೆ, ಅಥವಾ ಎರಡೂ ತೀರಾ ಕಡಿಮೆ ಇದ್ದರೆ ಕಣ್ಣಿನಿಂದ ನೋಡಿ. ಮರಾಠಿ ಪುಸ್ತಕವನ್ನು `kan` ಕೊಟ್ಟು ಓದಿಸಿದರೂ ಏನೋ ಒಂದು ಕನ್ನಡ ಬಂದೇ ಬರುತ್ತದೆ, ಆಗ ದಿಕ್ಕು ಸರಿಯಿದ್ದೂ ಉತ್ತರ ತಪ್ಪು. ಆ ತುಂಡಿಗೆ `-l mar` ಕೊಟ್ಟು ಮತ್ತೆ ಓದಿಸಿ.

ಸರಿಯಾದ ದಿಕ್ಕಿನಲ್ಲೂ ಓದಲಿಲ್ಲವೇ? ಕಡುಬಣ್ಣದ ಬೆನ್ನಿನ ಮೇಲೆ ಬಿಳಿ ಅಥವಾ ಚಿನ್ನದ ಅಕ್ಷರ ಇರಬಹುದು. ಟೆಸರಾಕ್ಟ್‌ಗೆ ತಿಳಿ ಹಿನ್ನೆಲೆಯಲ್ಲಿ ಕಪ್ಪು ಅಕ್ಷರ ಬೇಕು. ಬಣ್ಣ ತಿರುವಿಹಾಕಿ, ಸುತ್ತ ಸ್ವಲ್ಪ ಬಿಳಿ ಜಾಗ ಬಿಡಿ:

```
magick b07.png -colorspace Gray -negate -bordercolor white -border 15 b07n.png
```

ತಿರುಗಿಸಿದರೂ ಬಗ್ಗದವು

ದಪ್ಪ ನಿಘಂಟುಗಳ ಬೆನ್ನಿನಲ್ಲಿ ಹೆಸರು ಅಡ್ಡಕ್ಕೇ ಅಚ್ಚಾಗಿರುತ್ತದೆ. ಜಾಗ ಸಾಲದೆ ಸಾಲಿನ ಮೇಲೆ ಮಲಗಿಸಿಟ್ಟ ಪುಸ್ತಕಗಳದ್ದೂ ಅದೇ ಕಥೆ. ಇವನ್ನು ತಿರುಗಿಸದ ಮೂಲ ಫೋಟೊದಿಂದ ಕತ್ತರಿಸಿ. ಹಳೆಯ ಕೆಲವು ಪುಸ್ತಕಗಳಲ್ಲಿ ಅಕ್ಷರ ನೆಟ್ಟಗೇ ಇದ್ದು ಒಂದರ ಕೆಳಗೊಂದು ಪೇರಿಸಿರುತ್ತಾರೆ: ಮೇಲೆ ‘ಕ’, ಅದರ ಕೆಳಗೆ ‘ನ್ನ’, ಅದರ ಕೆಳಗೆ ‘ಡ’. ಯಾವ ಕಡೆ ತಿರುಗಿಸಿದರೂ ಇದು ಸಾಲಾಗುವುದಿಲ್ಲ. ಮೇಲಿನ ಅಕ್ಷರದ ಒತ್ತು ಕೆಳಗಿನ ಅಕ್ಷರದ ತಲೆಗೆ ತಾಗಿಕೊಂಡಿರುವುದರಿಂದ ಒಂದೊಂದೇ ಅಕ್ಷರ ಕತ್ತರಿಸಿ ಜೋಡಿಸುವುದೂ ರಗಳೆ. ಇಂಥವು ಹತ್ತು ಸಿಕ್ಕರೆ ಹತ್ತನ್ನೂ ಟೈಪ್ ಮಾಡಿ. ಕಂದು ಕಾಗದ ಹೊದಿಸಿ ಪೆನ್ನಿನಲ್ಲಿ ಹೆಸರು ಬರೆದವುಗಳಿಗೂ ಇದೇ ಮದ್ದು.

ಸಂಪುಟಗಳಿದ್ದರೆ ಮಾತ್ರ ಕೊನೆಯಲ್ಲಿ ಒಮ್ಮೆ ಕಪಾಟಿನ ಮುಂದೆ ನಿಂತು ತಾಳೆ ನೋಡಿ. ಬೆನ್ನಿನ ಬುಡದಲ್ಲಿರುವ ಸಂಪುಟ ಸಂಖ್ಯೆಯನ್ನು ಹೆಚ್ಚಾಗಿ ಅಡ್ಡಕ್ಕೆ ಅಚ್ಚು ಹಾಕಿರುತ್ತಾರೆ, ಹೆಸರಿನ ಜೊತೆ ಅದು ತಿರುಗಿ ಮಲಗಿಬಿಡುತ್ತದೆ. ಅದನ್ನು ಬೇರೆ ಕತ್ತರಿಸಿ ಓದಿಸಬೇಕು. ಪುಸ್ತಕ ತಲೆಕೆಳಗಾಗಿ ಇಟ್ಟಿದ್ದರೆ 6 ಇದ್ದದ್ದು 9 ಆಗಿ ಬರುತ್ತದೆ, `conf` ಅಂಕಿಯೂ ಚೆನ್ನಾಗಿಯೇ ಇರುತ್ತದೆ. ಪಟ್ಟಿಯಲ್ಲಿ ಎರಡು ಒಂಬತ್ತನೇ ಸಂಪುಟ ಇದ್ದು ಆರನೆಯದು ಕಾಣದಿದ್ದರೆ ಪುಸ್ತಕ ಕಳೆದಿದೆ ಅಂದುಕೊಳ್ಳಬೇಡಿ.