ಶಿಲ್ಕು, ಬಾಕಿ, ಉಳಿಕೆ, ಮಿಗತೆ: ಒಂದು ಲೆಕ್ಕಪತ್ರದ ಅನುವಾದ

ಆಯವ್ಯಯದ ಶೀರ್ಷಿಕೆಗಳಿಗೆ ಕನ್ನಡ ಪದಗಳನ್ನು ನಿಘಂಟು ನೋಡಿ ಆರಿಸುವ ಬದಲು ಅಂಕಿಗಳನ್ನು ನೋಡಿ ಆರಿಸಬೇಕೆಂದು ನಾನು ಹೇಳಿದಾಗ, ತುಮಕೂರಿನಲ್ಲಿ ಇದೇ ಕೆಲಸ ಮಾಡುವ ಗೆಳೆಯರು ಒಪ್ಪಿರಲಿಲ್ಲ. "ಜಮಾ, ಖರ್ಚು, ಉಳಿತಾಯ ಎಂದರೆ ಎಲ್ಲರಿಗೂ ತಿಳಿಯುತ್ತದೆ, ಇಷ್ಟೆಲ್ಲ ಏಕೆ ಸಾರ್" ಎಂದರು. ಗುಬ್ಬಿ ಕಡೆಯ ಒಂದು ಸ್ವಯಂಸೇವಾ ಸಂಸ್ಥೆಯ ಲೆಕ್ಕಪತ್ರವನ್ನೂ ಮುಂದಿನ ವರ್ಷದ ಆಯವ್ಯಯವನ್ನೂ ನನ್ನ ಕ್ರಮದಲ್ಲೇ ಅನುವಾದಿಸಿಕೊಟ್ಟೆ. ಸರ್ವಸದಸ್ಯರ ಸಭೆಯಲ್ಲಿ ಶೀರ್ಷಿಕೆಗಳ ಬಗ್ಗೆ ಈ ಸಲ ಯಾರೂ ತಕರಾರು ಎತ್ತಲಿಲ್ಲ.

ಹಿಂದಿನ ವರ್ಷದ ಅನುವಾದ ಬೇರೆಯವರದು. ಅದರಲ್ಲಿ ಆದ ಗೊಂದಲವನ್ನು ಈ ವರ್ಷದ ಅಂಕಿಗಳನ್ನೇ ಸ್ಥೂಲವಾಗಿ ಇಟ್ಟುಕೊಂಡು ಹೇಳುತ್ತೇನೆ. ವರ್ಷದ ಆರಂಭದಲ್ಲಿ ಕೈಯಲ್ಲಿದ್ದದ್ದು 3.40 ಲಕ್ಷ, ಅನುದಾನ 12 ಲಕ್ಷ ಮತ್ತು ದೇಣಿಗೆ 2.10 ಲಕ್ಷ ಬಂದವು. ಹೊರಗೆ ಹೋದದ್ದು 14.60 ಲಕ್ಷ, ಕೊನೆಗೆ ನಿಂತದ್ದು 2.90 ಲಕ್ಷ. ಇದು ಸ್ವೀಕೃತಿ ಮತ್ತು ಪಾವತಿಗಳ ತಃಖ್ತೆ. ಮುಂದಿನ ಪುಟದ ಆದಾಯ ಮತ್ತು ವೆಚ್ಚದ ತಃಖ್ತೆಯಲ್ಲಿ ವೆಚ್ಚ 12.40 ಲಕ್ಷ ಮಾತ್ರ. ಏಕೆಂದರೆ ಪಾವತಿಯಲ್ಲಿ ಕಂಪ್ಯೂಟರ್ ಖರೀದಿಯ 1.80 ಲಕ್ಷವೂ ಸಿಬ್ಬಂದಿಗೆ ಕೊಟ್ಟ ಮುಂಗಡದ 60 ಸಾವಿರವೂ ಸೇರಿದ್ದವು; ಇವೆರಡೂ ಈ ವರ್ಷದ ವೆಚ್ಚವಲ್ಲ. ಇನ್ನೂ ಕೊಡದೆ ಉಳಿದಿದ್ದ 20 ಸಾವಿರ ಬಾಡಿಗೆ ಮಾತ್ರ ವೆಚ್ಚಕ್ಕೆ ಸೇರಿತು. ಸವಕಳಿಯ ಮಾತು ಇಲ್ಲಿ ಬೇಡ. ಹಳೆಯ ಅನುವಾದದಲ್ಲಿ ಪಾವತಿಗೂ ವೆಚ್ಚಕ್ಕೂ "ಖರ್ಚು" ಎಂದೇ ಇತ್ತು, ಕೊನೆಗೆ ಕೈಯಲ್ಲಿ ನಿಂತ ಅಂತಿಮ ಶಿಲ್ಕಿಗೂ, ಆದಾಯದಲ್ಲಿ ವೆಚ್ಚ ಕಳೆದು ಬರುವ ಮೊತ್ತಕ್ಕೂ (ಈ ವರ್ಷ 1.70 ಲಕ್ಷ) "ಉಳಿತಾಯ" ಎಂದೇ ಇತ್ತು. ಒಂದೇ ವರ್ಷಕ್ಕೆ ಎರಡು ಖರ್ಚು, ಎರಡು ಉಳಿತಾಯ ಕಂಡರೆ ಸದಸ್ಯರು ಲೆಕ್ಕ ತಿದ್ದಿದ್ದಾರೆಂದು ಅನುಮಾನಿಸುವುದು ಸಹಜ. ಆ ಅನುವಾದಕರಿಗೆ ಒಪ್ಪಿದ ಹಣದಲ್ಲಿ ಎರಡು ಸಾವಿರದಷ್ಟು ಕಡಿತವಾಯಿತೆಂದು ಕೇಳಿದ್ದೇನೆ.

ನಾನು ಮೊದಲು ಮಾಡಿದ್ದು ಇಂಗ್ಲಿಷ್ ಮೂಲದಲ್ಲಿ ಬ್ಯಾಲೆನ್ಸ್ ಎಂದು ಬಂದ ಪ್ರತಿ ಜಾಗವನ್ನೂ ಗುರುತಿಸಿ, ಅದರ ಎದುರಿನ ಅಂಕಿ ಏನೆಂದು ಕೇಳುವುದು. ನಗದಾಗಿಯೋ ಬ್ಯಾಂಕಿನಲ್ಲಿಯೋ ಇರುವ ಹಣವಾದರೆ ಶಿಲ್ಕು. ಯಾರೋ ಯಾರಿಗೋ ಕೊಡಬೇಕಾದದ್ದಾದರೆ ಬಾಕಿ. ಅನುದಾನದಲ್ಲಿ ಬಳಸದೆ ಉಳಿದದ್ದಾದರೆ ಉಳಿಕೆ. ಆದಾಯದಿಂದ ವೆಚ್ಚ ಕಳೆದು ಬಂದದ್ದಾದರೆ ಮಿಗತೆ, ಅದು ಋಣವಾದರೆ ಕೊರತೆ. ಪರೀಕ್ಷೆ ಸರಳ. ಆರಂಭ ಶಿಲ್ಕಿಗೆ ಸ್ವೀಕೃತಿ ಕೂಡಿಸಿ ಪಾವತಿ ಕಳೆದರೆ ಅಂತಿಮ ಶಿಲ್ಕು ಬರಬೇಕು. ಬಾರದಿದ್ದರೆ ಒಂದೋ ಅಂಕಿ ತಪ್ಪು, ಇಲ್ಲವೇ ನೀವು ಶಿಲ್ಕು ಎಂದು ಬರೆದದ್ದು ಶಿಲ್ಕಲ್ಲ. ಅನುದಾನದ ಉಳಿಕೆಯನ್ನು ಶಿಲ್ಕಿನ ಜೊತೆ ಮತ್ತೊಮ್ಮೆ ಕೂಡಿಸುವ ತಪ್ಪು ಇಲ್ಲಿಯೇ ಸಿಕ್ಕಿಬೀಳುತ್ತದೆ, ಏಕೆಂದರೆ ಆ ಹಣ ಬ್ಯಾಂಕ್ ಶಿಲ್ಕಿನೊಳಗೇ ಇರುತ್ತದೆ. ಯಾವ ತಃಖ್ತೆಯಿಂದ ಶುರುಮಾಡುತ್ತೇನೆ ಎಂಬುದನ್ನು ಮಾತ್ರ ಇಲ್ಲಿ ಹೇಳುವುದಿಲ್ಲ. ಅರ್ಧ ಸಮಯ ಉಳಿಯುವುದು ಅದರಿಂದಲೇ.

ಸ್ವೀಕೃತಿಯ ಬದಲು ಜಮೆ ಎಂದು ಪ್ರಯತ್ನಿಸಿ ನೋಡದೆ ಇರಲಿಲ್ಲ. ಕೋಷ್ಟಕದಲ್ಲಿ ಅದು ಚೆನ್ನಾಗಿಯೇ ಕಂಡಿತು. ಟಿಪ್ಪಣಿಗಳಿಗೆ ಬಂದಾಗ "ಜಮೆಯಾದ ಮೊತ್ತವನ್ನು ಖಾತೆಗೆ ಜಮೆ ಮಾಡಲಾಗಿದೆ" ಎಂಬಂಥ ವಾಕ್ಯಗಳು ಹುಟ್ಟಿ ಕೈಬಿಡಬೇಕಾಯಿತು. ರಾಜ್ಯ ಆಯವ್ಯಯದಲ್ಲೂ ರಾಜಸ್ವ ಸ್ವೀಕೃತಿ, ಬಂಡವಾಳ ಸ್ವೀಕೃತಿ ಎಂಬ ಬಳಕೆಯೇ ನೆಲೆನಿಂತಿದೆ. ಇಂಗ್ಲಿಷಿನಲ್ಲಿ ಅದಕ್ಕೂ ರಿಸೀಟ್ ಎಂದೇ ಇದ್ದರೂ, ಹಣ ಕೊಟ್ಟವರಿಗೆ ಬರೆದುಕೊಡುವ ಚೀಟಿ ಮಾತ್ರ ರಸೀದಿಯಾಗಿಯೇ ಉಳಿಯಬೇಕು. ಒಟ್ಟಿಗೆ ಬದಲಾಯಿಸುವ ಆತುರದಲ್ಲಿ "ಸ್ವೀಕೃತಿ ಪುಸ್ತಕ" ಎಂದು ಅಚ್ಚಾದದ್ದನ್ನು ಬೇರೆ ವರದಿಯೊಂದರಲ್ಲಿ ನೋಡಿದ್ದೇನೆ.

ಕೊನೆಯ ತಪಾಸಣೆಯಲ್ಲಿ ಹೆಚ್ಚು ಕಾಡಿದ್ದು ವಿಭಕ್ತಿಗಳು. "ಶಿಲ್ಕು" ಎಂದು ಹುಡುಕಿದರೆ ಶಿಲ್ಕಿನ, ಶಿಲ್ಕನ್ನು ಎಂಬ ರೂಪಗಳು ತಪ್ಪಿಸಿಕೊಳ್ಳುತ್ತವೆ. ಆದ್ದರಿಂದ ಕೊನೆಯ ಸ್ವರ ಬಿಟ್ಟು "ಶಿಲ್ಕ" ಎಂದು ಹುಡುಕುತ್ತೇನೆ. "ಖರ್ಚು" ಇನ್ನೂ ತೊಂದರೆ ಕೊಡುತ್ತದೆ. ಅರ್ಕಾವತ್ತಿನ ಜಾಗದಲ್ಲಿ ಪೂರ್ಣ ರಕಾರ ಕಾಣಲೆಂದು ಕೆಲವರು ಕಣ್ಣಿಗೆ ಕಾಣದ ಜೋಡಕ ಚಿಹ್ನೆಯೊಂದನ್ನು ಸೇರಿಸಿರುತ್ತಾರೆ. ಅಂಥ ಕಡತದಲ್ಲಿ ಪದ ಎದುರಿಗಿದ್ದರೂ ಹುಡುಕಾಟಕ್ಕೆ ಸಿಗದಿರಬಹುದು. ಯೂನಿಕೋಡ್ ಅಲ್ಲದ ಹಳೆಯ ನುಡಿ ಕಡತವಾದರೆ ಮೊದಲು ಪರಿವರ್ತಿಸಿಕೊಳ್ಳದೆ ಬೇರೆ ದಾರಿಯಿಲ್ಲ.

ಪದಕ್ಕೆ ಒಂದೂವರೆ ರೂಪಾಯಿಯಂತೆ ಸುಮಾರು ಒಂಬತ್ತು ಸಾವಿರ ಬಂತು. ಪದಪಟ್ಟಿಗೆ ಪ್ರತ್ಯೇಕವಾಗಿ ಕೇಳಿದ್ದಕ್ಕೆ ಸಂಸ್ಥೆಯವರು ಮೊದಲು ಗೊಣಗಿದರು, ಆಮೇಲೆ ಸಾವಿರದ ಐನೂರು ಸೇರಿಸಿದರು. ಆ ಪಟ್ಟಿಯಲ್ಲಿ ಮೂಲ ಪದ ಮತ್ತು ಕನ್ನಡ ಪದದ ಪಕ್ಕದಲ್ಲಿ "ಬಳಸಬಾರದ್ದು" ಎಂಬ ಮೂರನೆಯ ಕಾಲಂ ಇದೆ. ಶಿಲ್ಕಿನ ಎದುರು ಅಲ್ಲಿ "ಉಳಿತಾಯ, ಶೇಷ" ಎಂದು ಬರೆದಿದ್ದೇನೆ. ಕಂಪನಿಗಳ ಲೆಕ್ಕಪತ್ರಕ್ಕೆ ಈ ಪಟ್ಟಿ ಸಾಲದು. ಗ್ರಾಮ ಪಂಚಾಯಿತಿ ಅಥವಾ ಪುರಸಭೆಯ ಕಡತವಾದರೆ, ಅವರ ಹಿಂದಿನ ವರ್ಷದ ಆಯವ್ಯಯದಲ್ಲಿ ಅಚ್ಚಾದ ಶೀರ್ಷಿಕೆಗಳನ್ನೇ ಮೊದಲು ಇಳಿಸಿಕೊಂಡು, ಅಲ್ಲಿ ಸಿಗದವುಗಳಿಗೆ ಮಾತ್ರ ಇದನ್ನು ಬಳಸುತ್ತೇನೆ.