ಅರ್ಧ ಗಂಟೆ ಕರೆಂಟ್ ಕೊಟ್ಟರೆ ಎಷ್ಟು ಗ್ರಾಂ ನಿಕ್ಕಲ್ ಕೂರುತ್ತದೆ?

ಹುಬ್ಬಳ್ಳಿಯ ಗೋಕುಲ ರಸ್ತೆಯ ಕಡೆ ಪ್ಲೇಟಿಂಗ್ ಕೆಲಸದವರ ಜೊತೆ ಮಾತಿಗೆ ನಿಂತರೆ ಈ ದೂರು ಕೇಳಿಸುತ್ತದೆ: "ಟೈಮ್ ಅಷ್ಟೇ ಇಟ್ಟೇವ್ರಿ, ಮೀಟರೂ ಸರಿ ಐತಿ, ಆದ್ರೂ ಮಾಲ್ ತೆಳ್ಳಗ ಬರಾಕತ್ತೈತಿ." ಇದಕ್ಕೆ ಕಾರಣ ಹುಡುಕಲು ತಕ್ಕಡಿ ಮತ್ತು ಒಂದು ಸಣ್ಣ ಲೆಕ್ಕ ಸಾಕು. ನಿಕ್ಕಲ್ ಟ್ಯಾಂಕನ್ನೇ ತೆಗೆದುಕೊಂಡು ನೋಡೋಣ.

ಮೊದಲು ಕರೆಂಟ್ ಎಷ್ಟು ಎಂದು ಗೊತ್ತಾಗಬೇಕು. 25 ಸೆಂ.ಮೀ. ಉದ್ದ, 10 ಸೆಂ.ಮೀ. ಅಗಲದ ಕಬ್ಬಿಣದ ತಗಡು ಇದೆ ಎಂದುಕೊಳ್ಳಿ. ಎರಡೂ ಬದಿ ಸೇರಿ 500 ಚದರ ಸೆಂ.ಮೀ., ಅಂದರೆ 5 ಚದರ ಡೆಸಿಮೀಟರ್. ನಿಕ್ಕಲ್‌ಗೆ ಚದರ ಡೆಸಿಮೀಟರಿಗೆ 4 ಆಂಪಿಯರ್ ಇಟ್ಟರೆ ಒಟ್ಟು 20 ಆಂಪಿಯರ್.

ಇನ್ನು ಚಾರ್ಜ್. ಒಂದು ಆಂಪಿಯರ್ ಒಂದು ಸೆಕೆಂಡ್ ಹರಿದರೆ ಒಂದು ಕೂಲಂಬ್. 30 ನಿಮಿಷಕ್ಕೆ 1,800 ಸೆಕೆಂಡ್, ಹಾಗಾಗಿ 20 × 1,800 = 36,000 ಕೂಲಂಬ್. ಈ ಚಾರ್ಜ್ ಅಂದರೆ ತಗಡಿಗೆ ಬಂದ ಎಲೆಕ್ಟ್ರಾನ್‌ಗಳ ಎಣಿಕೆಯೇ. ದ್ರಾವಣದಲ್ಲಿರುವ ಪ್ರತಿ ನಿಕ್ಕಲ್ ಅಯಾನು ಎರಡು ಎಲೆಕ್ಟ್ರಾನ್ ಪಡೆದ ಮೇಲೆ ಲೋಹವಾಗಿ ಅಂಟಿಕೊಳ್ಳುತ್ತದೆ. ಒಂದು ಮೋಲ್ ಎಲೆಕ್ಟ್ರಾನ್‌ಗೆ 96,485 ಕೂಲಂಬ್. ಒಂದು ಮೋಲ್ ನಿಕ್ಕಲ್ 58.69 ಗ್ರಾಂ. ಮೈಕೆಲ್ ಫ್ಯಾರಡೆಯ ನಿಯಮ ಇಷ್ಟೇ:

```
m = (I × t × M) / (n × F)
m = (20 × 1800 × 58.69) / (2 × 96485) = 10.95 g
```

ಇದರಲ್ಲಿ ವೋಲ್ಟ್ ಎಲ್ಲೂ ಇಲ್ಲ, ಗಮನಿಸಿದಿರಾ? ರೆಕ್ಟಿಫೈಯರಿನ ವೋಲ್ಟ್ ಮುಳ್ಳು ನೋಡಿಕೊಂಡು ಕೆಲಸ ಮಾಡಿದರೆ ತೂಕ ಕೈಗೆ ಸಿಗುವುದಿಲ್ಲ. ಡಿಸೆಂಬರ್ ಬೆಳಿಗ್ಗೆ ಟ್ಯಾಂಕ್ ಇನ್ನೂ ಕಾದಿರುವುದಿಲ್ಲ. ಆಗ ಅದೇ ವೋಲ್ಟಿಗೆ ಆಂಪಿಯರ್ ಕಡಿಮೆ ಬರುತ್ತದೆ, ನಿಕ್ಕಲ್ಲೂ ಕಡಿಮೆ ಕೂರುತ್ತದೆ.

ದಿನಾ ಕೂಲಂಬ್ ಲೆಕ್ಕ ಹಾಕುತ್ತಾ ಕೂರಬೇಕಿಲ್ಲ. ಒಂದು ಆಂಪಿಯರ್-ಗಂಟೆಗೆ 1.095 ಗ್ರಾಂ ನಿಕ್ಕಲ್ ಎಂದು ಗೋಡೆಯ ಮೇಲೆ ಬರೆದಿಟ್ಟುಕೊಳ್ಳಿ. ನಮ್ಮದು 20 ಆಂಪಿಯರ್, ಅರ್ಧ ಗಂಟೆ, ಅಂದರೆ 10 ಆಂಪಿಯರ್-ಗಂಟೆ. ಉತ್ತರ ಅದೇ ಬಂತು.

ಆದರೆ ಪೂರ್ತಿ 10.95 ಗ್ರಾಂ ಕೂರುವುದಿಲ್ಲ. ಸ್ವಲ್ಪ ಎಲೆಕ್ಟ್ರಾನ್‌ಗಳು ಹೈಡ್ರೋಜನ್ ಗುಳ್ಳೆ ಎಬ್ಬಿಸಲು ಹೋಗುತ್ತವೆ. ಸರಿಯಾಗಿರುವ ನಿಕ್ಕಲ್ ಟ್ಯಾಂಕಿನಲ್ಲಿ ಶೇ 95ರಷ್ಟು ಚಾರ್ಜ್ ಲೋಹಕ್ಕೆ ಸಿಗುತ್ತದೆ. ಹಾಗಾಗಿ 10.4 ಗ್ರಾಂ ನಿರೀಕ್ಷಿಸಬಹುದು. ಅದನ್ನು ನಿಕ್ಕಲ್‌ನ ಸಾಂದ್ರತೆ 8.9ರಿಂದ, ಆಮೇಲೆ 500 ಚದರ ಸೆಂ.ಮೀ.ನಿಂದ ಭಾಗಿಸಿದರೆ ಪದರದ ದಪ್ಪ ಸುಮಾರು 23 ಮೈಕ್ರಾನ್.

ಈಗ ತಕ್ಕಡಿಗೆ ಬನ್ನಿ. ಎಣ್ಣೆ, ತುಕ್ಕು ತೆಗೆದು, ತೊಳೆದು, ಒಣಗಿಸಿದ ತಗಡನ್ನು ತೂಗಿ. ಹುಕ್ಕನ್ನೂ ಬೇರೆಯಾಗಿ ತೂಗಿ. ತಕ್ಕಡಿ 0.1 ಗ್ರಾಂ ತೋರಿಸಿದರೆ ಸಾಕು. ಪ್ಲೇಟಿಂಗ್ ಮುಗಿದ ಮೇಲೆ ಮತ್ತೆ ತೊಳೆದು, ಚೆನ್ನಾಗಿ ಒಣಗಿಸಿ ತೂಗಿ. ನೀರಿನ ಹನಿ ಉಳಿದರೆ ಲೆಕ್ಕವೆಲ್ಲ ಹಾಳು.

ತಗಡಿನ ತೂಕ 9 ಗ್ರಾಂ ಮಾತ್ರ ಹೆಚ್ಚಾಗಿದೆ ಅಂದುಕೊಳ್ಳಿ. ತಕ್ಷಣ ದ್ರಾವಣಕ್ಕೆ ಕೆಮಿಕಲ್ ಸುರಿಯಲು ಹೋಗಬೇಡಿ. ಮೊದಲು ಹುಕ್ ನೋಡಿ. ಅದರ ತೂಕ 1.4 ಗ್ರಾಂ ಹೆಚ್ಚಾಗಿದ್ದರೆ ಒಟ್ಟು 10.4 ಗ್ರಾಂ ಆಯಿತು, ಅಲ್ವಾ? ಟ್ಯಾಂಕ್ ಚೆನ್ನಾಗಿಯೇ ಇದೆ. ಹುಕ್ಕಿನ ಪ್ಲಾಸ್ಟಿಕ್ ಲೇಪ ಕಿತ್ತುಹೋಗಿ, ಅದು ನಿಮ್ಮ ನಿಕ್ಕಲ್ ತಿನ್ನುತ್ತಿದೆ. ಲೇಪ ಮತ್ತೆ ಹಾಕಿಸಿ.

ಎರಡೂ ಸೇರಿ 8 ಗ್ರಾಂ ಮಾತ್ರ ಬಂದರೆ ಮಾತು ಬೇರೆ. ಬೇರೊಂದು ಮೀಟರ್ ಇಟ್ಟು ಆಂಪಿಯರ್ ಪರೀಕ್ಷಿಸಿ. ಅದು ಸರಿ ಇದ್ದರೆ, ಎಲೆಕ್ಟ್ರಾನ್‌ಗಳು ಗುಳ್ಳೆಗೇ ಜಾಸ್ತಿ ಹೋಗುತ್ತಿವೆ. ತಗಡಿನ ಸುತ್ತ ಗುಳ್ಳೆ ಹೆಚ್ಚಿರುತ್ತದೆ, ಅಂಚುಗಳು ಸುಟ್ಟಂತೆ ಕಪ್ಪಾಗಬಹುದು. ಆಗ ದ್ರಾವಣದ ಉಷ್ಣತೆ, ಆಮ್ಲೀಯತೆ, ನಿಕ್ಕಲ್ ಪ್ರಮಾಣ ನೋಡಬೇಕು.

ಲೆಕ್ಕವನ್ನು ಹಿಂದಿನಿಂದಲೂ ಮಾಡಬಹುದು. ಇದೇ ತಗಡಿಗೆ 15 ಮೈಕ್ರಾನ್ ಬೇಕಾದರೆ 500 × 0.0015 × 8.9, ಅಂದರೆ ಸುಮಾರು 6.7 ಗ್ರಾಂ ಕೂರಬೇಕು. ಶೇ 95ರ ಲೆಕ್ಕದಲ್ಲಿ 6.4 ಆಂಪಿಯರ್-ಗಂಟೆ, 20 ಆಂಪಿಯರ್‌ಗೆ 19 ನಿಮಿಷಕ್ಕೆ ಸ್ವಲ್ಪ ಜಾಸ್ತಿ. ಮೇಲೆ ಹೇಳಿದ ಹಾಳಾದ ಹುಕ್ಕಿನಲ್ಲೇ ತೂಗುಹಾಕಿದರೆ 22 ನಿಮಿಷ ದಾಟುತ್ತದೆ.

ತೂಕದಿಂದ ಸಿಗುವುದು ಸರಾಸರಿ ದಪ್ಪ ಮಾತ್ರ. ಕರೆಂಟ್ ಅಂಚು, ಮೂಲೆಗಳಿಗೆ ಹೆಚ್ಚು ಹರಿಯುತ್ತದೆ. ತೂತು, ತಗ್ಗುಗಳಿಗೆ ಕಡಿಮೆ. ಗಿರಾಕಿ "ಎಲ್ಲಿಯೂ 15 ಮೈಕ್ರಾನ್‌ಗಿಂತ ಕಡಿಮೆ ಇರಬಾರದು" ಎಂದಿದ್ದರೆ, ಲೆಕ್ಕದ ಸಮಯಕ್ಕೆ ನಿಲ್ಲಿಸಬೇಡಿ. ದಪ್ಪ ಅಳೆಯುವ ಗೇಜನ್ನು ತಗ್ಗಿನ ಜಾಗಕ್ಕೇ ಹಿಡಿದು ನೋಡಿ, ಅಲ್ಲಿ 15 ಬರುವಷ್ಟು ಸಮಯ ಕೊಡಿ.