ಭೇದಿಗೆ ಎಳನೀರು ಸಾಕಾ, ಜ್ಯೂಸ್ ಕೊಡಬಹುದಾ?

ತಿಪಟೂರು ಕಡೆಯ ಒಂದು ಆಸ್ಪತ್ರೆಯಲ್ಲಿ ಮಕ್ಕಳ ವಾರ್ಡಿನ ನರ್ಸ್ ನಾನು. ತೆಂಗಿನ ಸೀಮೆ ಅಲ್ವಾ, ಭೇದಿ ಅಂತ ಬರುವ ಮಕ್ಕಳಿಗೆ ಮನೆಯಲ್ಲಿ ಮೊದಲು ಎಳನೀರು ಕೊಟ್ಟಿರುತ್ತಾರೆ. ಅದಕ್ಕೆ ನಾನು ಯಾರನ್ನೂ ಬೈಯುವುದಿಲ್ಲ. ‘ಅದರ ಜೊತೆಗೆ ಇನ್ನೇನು ಕುಡಿಸಿದ್ರಿ?’ ಅಂತ ಮಾತ್ರ ಕೇಳಿಯೇ ಕೇಳುತ್ತೇನೆ.

ಹೋದ ಬೇಸಿಗೆಯಲ್ಲಿ ಬಂದ ಒಂದು ಮಗುವಿನ ಅಜ್ಜಿ ಹೇಳಿದ್ದು ಹೀಗೆ: ‘ಏನೂ ತಿಂತಿರ್ಲಿಲ್ಲ ಸಿಸ್ಟರ್, ಅಂಗಡಿ ಮಾವಿನ ಜ್ಯೂಸ್ ಕೊಟ್ವಿ. ಗಟಗಟ ಕುಡೀತು. ಆಮೇಲೆ ಬರೀ ನೀರೇ ಹೋಗೋಕೆ ಶುರುವಾಯ್ತು.’ ಮಗುವಿನ ತೂಕ 10 ಕೆಜಿ. ಕಣ್ಣು ಗುಳಿ ಬಿದ್ದಿತ್ತು, ಅತ್ತರೆ ಕಣ್ಣೀರು ಬರುತ್ತಿರಲಿಲ್ಲ. ಹೊಟ್ಟೆಯ ಚರ್ಮ ಚಿವುಟಿ ಬಿಟ್ಟರೆ ನಿಧಾನವಾಗಿ ಹಿಂದಕ್ಕೆ ಹೋಗುತ್ತಿತ್ತು. ಆದರೆ ಎಚ್ಚರವಾಗಿತ್ತು, ಲೋಟ ಕಂಡರೆ ಕೈ ಚಾಚುತ್ತಿತ್ತು. ಹಾಗಾಗಿ ಡ್ರಿಪ್ ಬೇಡ, ಬಾಯಲ್ಲೇ ಕುಡಿಸೋಣ ಅಂತ ಡಾಕ್ಟರ್ ಹೇಳಿದರು.

ಅಜ್ಜಿ ಗಮನಿಸಿದ್ದು ಸರಿಯಾಗಿಯೇ ಇತ್ತು. ಕರುಳು ನೀರನ್ನು ಹೀರಬೇಕಾದರೆ ಉಪ್ಪಿನ ಸೋಡಿಯಂ ಮತ್ತು ಗ್ಲೂಕೋಸ್ ಎರಡೂ ಜೊತೆಯಾಗಿ ಒಳಗೆ ಹೋಗಬೇಕು. ನೀರು ಅವುಗಳ ಬೆನ್ನು ಹಿಡಿದು ಹೋಗುತ್ತದೆ. ಭೇದಿಯಲ್ಲೂ ಈ ದಾರಿ ಮುಚ್ಚಿರುವುದಿಲ್ಲ. ಭೇದಿಗೆ ನೀರಿನಲ್ಲಿ ಕಲಸಿ ಕುಡಿಸುವ ಉಪ್ಪು-ಗ್ಲೂಕೋಸ್ ಪುಡಿ ಓಆರ್‌ಎಸ್ ನಿಂತಿರುವುದೇ ಇದರ ಮೇಲೆ. ಒಂದು ಲೀಟರ್ ಓಆರ್‌ಎಸ್‌ನಲ್ಲಿ 13.5 ಗ್ರಾಂ ಗ್ಲೂಕೋಸ್, 2.6 ಗ್ರಾಂ ಉಪ್ಪು ಇರುತ್ತದೆ. ಪೊಟ್ಟಣದ ಜ್ಯೂಸಿನಲ್ಲಿ ಲೀಟರಿಗೆ 100 ಗ್ರಾಂಗೂ ಜಾಸ್ತಿ ಸಕ್ಕರೆ ಇರಬಹುದು, ಸೋಡಿಯಂ ಇಲ್ಲವೆನ್ನುವಷ್ಟು ಕಡಿಮೆ. ಅಷ್ಟೂ ಸಕ್ಕರೆಯನ್ನು ಕರುಳು ಹೀರಿಕೊಳ್ಳಲಾರದು. ಉಳಿದ ಸಕ್ಕರೆ ಮೈಯೊಳಗಿನ ನೀರನ್ನೇ ಕರುಳಿಗೆ ಎಳೆಯುತ್ತದೆ. ಭೇದಿ ಇನ್ನಷ್ಟು ನೀರಾಗುವುದು ಹೀಗೆ.

ನೀರು ಬತ್ತಿದ ಮಗುವಿಗೆ ಓಆರ್‌ಎಸ್ ಕೆಜಿಗೆ 75 ಮಿಲಿ ಲೆಕ್ಕ, ನಾಲ್ಕು ಗಂಟೆಯಲ್ಲಿ. ಅಂದರೆ ಈ ಮಗುವಿಗೆ 750 ಮಿಲಿ. ದೊಡ್ಡ ಪ್ಯಾಕೆಟ್ ಪೂರ್ತಿ ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೆ ಹಾಕಿ ಕಲಸಿದೆ. ಅಮ್ಮನ ಕೈಗೆ 5 ಮಿಲಿ ಚಮಚ ಕೊಟ್ಟು, ಒಂದೆರಡು ನಿಮಿಷಕ್ಕೊಂದು ಅಂತ ಹೇಳಿದೆ. ನಡುವೆ ಮಗು ವಾಂತಿ ಮಾಡಿಕೊಂಡಿತು. ಅಮ್ಮ ಗಾಬರಿಯಾಗಿ ಚಮಚ ಕೆಳಗಿಟ್ಟರು. ಹತ್ತು ನಿಮಿಷ ಸುಮ್ನಿದ್ದು, ಆಮೇಲೆ ಇನ್ನೂ ನಿಧಾನವಾಗಿ ಶುರು ಮಾಡಿಸಿದೆ. ನಾಲ್ಕು ಗಂಟೆ ಕಳೆಯುವ ಹೊತ್ತಿಗೆ ಮಗು ಉಚ್ಚೆ ಹೊಯ್ದಿತ್ತು, ಚಿವುಟಿದ ಚರ್ಮ ತಕ್ಷಣ ಸರಿಹೋಗುತ್ತಿತ್ತು. ಭೇದಿ ನಿಂತಿರಲಿಲ್ಲ. ನಿಲ್ಲಿಸುವುದು ಓಆರ್‌ಎಸ್ ಕೆಲಸವೂ ಅಲ್ಲ, ಹೋದ ನೀರನ್ನು ತುಂಬುವುದಷ್ಟೇ ಅದರ ಕೆಲಸ. ಇದನ್ನು ಮೊದಲೇ ಹೇಳದಿದ್ದರೆ ‘ಕೆಲಸ ಮಾಡ್ಲಿಲ್ಲ’ ಅಂತ ಅರ್ಧಕ್ಕೇ ಬಿಟ್ಟುಬಿಡುತ್ತಾರೆ.

‘ಹಂಗಾರೆ ಎಳನೀರೂ ಬೇಡ್ವಾ?’ ಅಂತ ಅಜ್ಜಿ ಕೇಳಿದರು. ಬೇಡ ಅನ್ನಲಿಲ್ಲ. ಎಳನೀರಿನಲ್ಲಿ ಸಕ್ಕರೆ ಜ್ಯೂಸಿಗಿಂತ ಎಷ್ಟೋ ಕಡಿಮೆ. ಪೊಟ್ಯಾಸಿಯಂ ಓಆರ್‌ಎಸ್‌ಗಿಂತ ಜಾಸ್ತಿ. ಕೊರತೆ ಇರುವುದು ಸೋಡಿಯಂನದು. ತಳಿ, ಮಣ್ಣು, ಕಾಯಿಯ ಬಲಿತದ ಮೇಲೆ ಅದು ಹೆಚ್ಚುಕಮ್ಮಿ ಆಗುತ್ತದೆ, ಆದರೂ ಓಆರ್‌ಎಸ್‌ನಷ್ಟು ಸಿಗುವುದಿಲ್ಲ. ಹಾಗಾಗಿ ಸಣ್ಣ ಭೇದಿ, ಮಗು ಆಡಿಕೊಂಡಿದೆ ಅಂದರೆ ಉಪ್ಪು ಹಾಕಿದ ಮಜ್ಜಿಗೆ, ಗಂಜಿ, ಓಆರ್‌ಎಸ್ ಜೊತೆಗೆ ಎಳನೀರೂ ಇರಲಿ. ಕಣ್ಣು ಗುಳಿ ಬಿದ್ದ ಮೇಲೆ ಅದನ್ನೇ ನಂಬಿ ಕೂರಬಾರದು. ಮನೆಯಲ್ಲಿ ಕಿಡ್ನಿ ಕಾಯಿಲೆಯವರಿದ್ದರೆ ಅವರಿಗಂತೂ ಡಾಕ್ಟರನ್ನು ಕೇಳದೆ ಕೊಡಬೇಡಿ, ಪೊಟ್ಯಾಸಿಯಂ ಏರಿದರೆ ಹೃದಯಕ್ಕೆ ಅಪಾಯ.

ಸ್ಪೋರ್ಟ್ಸ್ ಡ್ರಿಂಕ್ ಬಾಟಲಿ ಹಿಡಿದು ಬರುವವರು ಹೆಚ್ಚಾಗಿ ಕಾಲೇಜು ಹುಡುಗರು. ಅದನ್ನು ಮಾಡಿರುವುದು ಬೆವರಿಗೆ. ಸಾಮಾನ್ಯವಾಗಿ ಅದರ ಸೋಡಿಯಂ ಓಆರ್‌ಎಸ್‌ನ ಮೂರನೇ ಒಂದು ಭಾಗ ಕೂಡ ಇರುವುದಿಲ್ಲ, ಸಕ್ಕರೆ ನಾಲ್ಕು ಪಟ್ಟು. ಗಟ್ಟಿಮುಟ್ಟಾದ ಹುಡುಗನಿಗೆ ಎರಡು ಸಲ ಭೇದಿಯಾದರೆ ನಡೆದುಹೋಗುತ್ತದೆ. ಚಿಕ್ಕ ಮಕ್ಕಳಿಗೆ ಬೇಡವೇ ಬೇಡ.

ಓಆರ್‌ಎಸ್ ಕೊಡುವಾಗ ಎಡವಟ್ಟಾಗುವುದು ನೀರಿನ ಅಳತೆಯಲ್ಲಿ. ಅಂಗಡಿಯಲ್ಲಿ 200 ಮಿಲಿ ನೀರಿಗೆ ಹಾಕುವ ಚಿಕ್ಕ ಪ್ಯಾಕೆಟ್ಟೂ ಸಿಗುತ್ತದೆ. ಅದನ್ನು ಲೀಟರಿಗೆ ಹಾಕಿದರೆ ಸಪ್ಪೆ ನೀರು, ದೊಡ್ಡದನ್ನು ಲೋಟಕ್ಕೆ ಹಾಕಿದರೆ ವಿಪರೀತ ಉಪ್ಪು, ಮಗುವಿಗೆ ಅಪಾಯ. ಕಲಸಿದ ನಂತರ ನೀವೇ ಒಂದು ಚಮಚ ಕುಡಿದು ನೋಡಿ. ಕಣ್ಣೀರಿಗಿಂತ ಉಪ್ಪೆನಿಸಿದರೆ ಚೆಲ್ಲಿ. ಮೇಲೆ ಸಕ್ಕರೆ ಸೇರಿಸಬೇಡಿ, 24 ಗಂಟೆಯಾದ ಮೇಲೆ ಉಳಿದದ್ದನ್ನು ಇಡಬೇಡಿ. ಮಗು ಮಂಕಾಗಿ ಕುಡಿಯಲಾರದೆ ಹೋದರೆ, ಕುಡಿದದ್ದೆಲ್ಲ ವಾಂತಿಯಾದರೆ, ಭೇದಿಯಲ್ಲಿ ರಕ್ತ ಕಂಡರೆ ಚಮಚ ಹಿಡಿದು ಕಾಯಬೇಡಿ, ಆಸ್ಪತ್ರೆಗೆ ಬನ್ನಿ.

ಅಜ್ಜಿ ಮನೆಗೆ ಹೊರಟಾಗ ಎರಡು ಪ್ಯಾಕೆಟ್ ಓಆರ್‌ಎಸ್, ಜಿಂಕ್ ಮಾತ್ರೆ ಕೊಟ್ಟು, ಪ್ರತಿ ಭೇದಿಗೂ ಅರ್ಧ ಲೋಟದಷ್ಟು ಕುಡಿಸಲು ಹೇಳಿದೆ. ಮುಗಿದರೆ ಮೆಡಿಕಲ್ ಶಾಪಿನಲ್ಲಿ ಹೆಸರು ನೋಡಿ ತರಬೇಡಿ, ಪ್ಯಾಕೆಟ್ ಮೇಲೆ ಸೋಡಿಯಂ ಕ್ಲೋರೈಡ್, ಪೊಟ್ಯಾಸಿಯಂ ಕ್ಲೋರೈಡ್, ಸೋಡಿಯಂ ಸಿಟ್ರೇಟ್, ಗ್ಲೂಕೋಸ್ ನಾಲ್ಕೂ ಇದೆಯಾ ಅಂತ ಮೊಮ್ಮಗಳ ಕೈಲಿ ಓದಿಸಿ ಅಂತಲೂ ಹೇಳಿದೆ. ಸಿಹಿ ಪಾನೀಯಗಳ ಹೆಸರಿನಲ್ಲಿ ‘ಓಆರ್‌ಎಸ್’ ಬಳಸಬಾರದು ಅಂತ ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ ಎಫ್‌ಎಸ್‌ಎಸ್‌ಎಐ 2025ರ ಅಕ್ಟೋಬರ್‌ನಲ್ಲಿ ಆದೇಶ ಮಾಡಿದೆ. ಆದರೂ ನಾನು ಹಿಂದೆ ತಿರುಗಿಸಿ ಓದಿಯೇ ಕೊಳ್ಳುತ್ತೇನೆ.